ಕೂಪನ್ ಮೊದಲೋ, ಕಾರ್ಡು ಮೊದಲೋ?

ಒಂದು ಲ್ಯಾಪ್‌ಟಾಪಿನ ಬೆಲೆಯೆಷ್ಟು ಎಂದು ಯಾರಾದರೂ ಕೇಳಿದರೆ ನಾನು ಈಗ ಕೂಡಲೆ ಉತ್ತರ ಹೇಳುವುದಿಲ್ಲ. ಕೇಳಿದವರನ್ನು ಕೂರಿಸಿ, ಒಂದು ಹಾಳೆ ಕಾಗದವನ್ನೂ ಪೆನ್ಸಿಲನ್ನೂ ಹುಡುಕಿ ತಂದು, "ಯಾವ ಬೆಲೆ?" ಎಂದು ತಿರುಗಿ ಕೇಳುತ್ತೇನೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಒಂದು ಬೆಲೆ. ಅದನ್ನು ಯಾರೂ ಕೊಡುವುದಿಲ್ಲ, ಅದು ಹೊಡೆದುಹಾಕುವುದಕ್ಕೆಂದೇ ಹುಟ್ಟಿದ್ದು. ಅದರ ಕೆಳಗೆ ದಪ್ಪಕ್ಷರದಲ್ಲಿರುವುದು ಇನ್ನೊಂದು ಬೆಲೆ. ಅದಕ್ಕೂ ಕೆಳಗೆ 'ಎಫೆಕ್ಟಿವ್ ಬೆಲೆ' ಎಂಬ ಮೂರನೆಯದು. ಅದರ ತಲೆಯ ಮೇಲೆ ಒಂದು ಸಣ್ಣ ನಕ್ಷತ್ರ. ಮದುವೆಯ ಮನೆಯಲ್ಲಿ ಪುರೋಹಿತರು ಹಗಲು ಹೊತ್ತಿನಲ್ಲೇ ಅರುಂಧತೀ ನಕ್ಷತ್ರವನ್ನು ತೋರಿಸುತ್ತಾರಲ್ಲ, ಹಾಗೆಯೇ ಇದೂ. ತೋರಿಸಿದವರು ತೋರಿಸಿದರು, ನೋಡಿದವರು ನೋಡಿದೆವೆಂದು ತಲೆಯಾಡಿಸಿದರು. ಕಂಡವರು ಮಾತ್ರ ಯಾರೂ ಇಲ್ಲ.

ನಮ್ಮ ಮಗಳು ಬಿ.ಸಿ.ಎ. ತರಗತಿಗೆ ಸೇರಿದಾಗ ಈ ನಕ್ಷತ್ರವನ್ನು ಕಣ್ಣಾರೆ ನೋಡಬೇಕಾದ ಸಂದರ್ಭ ಬಂತು. ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪು ನನ್ನ ಪಾಠದ ಟಿಪ್ಪಣಿಗಳನ್ನು ಬರೆಯುವುದಕ್ಕೆ ಸಾಕಾಗಿತ್ತೇ ಹೊರತು ಅವಳ ಪಾಠಕ್ಕೆ ಸಾಲದು. ಹೊಸದಕ್ಕೆಂದು ನನ್ನ ಹೆಂಡತಿ ಚೀಟಿಯ ಹಣದಲ್ಲಿ 45,000 ರೂಪಾಯಿ ತೆಗೆದಿಟ್ಟಿದ್ದಳು. ಅದಕ್ಕಿಂತ ಹೆಚ್ಚು ಕೇಳಬಾರದೆಂದು ನನಗೆ ತಿಳಿದಿತ್ತು. ಕೇಳಿದರೂ ಸಿಗುವುದಿಲ್ಲವೆಂದು ಮಗಳಿಗೆ ತಿಳಿದಿತ್ತು. ಅವಳು ಆರಿಸಿಕೊಂಡದ್ದರ ದಪ್ಪಕ್ಷರದ ಬೆಲೆ 60,000. ನಕ್ಷತ್ರದ ಬೆಲೆ 41,000. "ನೋಡಪ್ಪ, ನಾಲ್ಕು ಸಾವಿರ ಉಳಿಯುತ್ತೆ" ಎಂದಳು ಮಗಳು.

ಅರವತ್ತು ಸಾವಿರ ನಲವತ್ತೊಂದು ಸಾವಿರವಾದ ಬಗೆ ಹೀಗೆ. ಅಂಗಡಿಯವರ ಕೂಪನ್ನಿನಿಂದ ಶೇಕಡ 5 ಸೋಡಿ. ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ ಶೇಕಡ 10 ಕ್ಯಾಶ್‌ಬ್ಯಾಕ್. ಹಳೆಯ ಲ್ಯಾಪ್‌ಟಾಪನ್ನು ಕೊಟ್ಟರೆ ಅದರ ಬೆಲೆ 6,000, ಅದರ ಮೇಲೆ ಎಕ್ಸ್‌ಚೇಂಜ್ ಬೋನಸ್ ಎಂದು 4,000, ಒಟ್ಟು ಹತ್ತು ಸಾವಿರ. ಐದೂ ಹತ್ತೂ ಹದಿನೈದು. ಅರವತ್ತು ಸಾವಿರಕ್ಕೆ ಶೇಕಡ 15 ಎಂದರೆ 9,000. ಅದಕ್ಕೆ ಹತ್ತು ಸಾವಿರ ಸೇರಿಸಿ ಕಳೆದರೆ 41,000. ಲೆಕ್ಕದಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಮೂರು ರಿಯಾಯಿತಿಗಳೂ ಒಟ್ಟಿಗೆ, ಒಂದೇ ಮುಹೂರ್ತದಲ್ಲಿ, ಅರವತ್ತು ಸಾವಿರದ ಮೇಲೆಯೇ ಬೀಳುತ್ತವೆ ಎಂದು ಈ ಲೆಕ್ಕ ನಂಬಿಕೊಂಡಿದೆ. ನಿಜದಲ್ಲಿ ಅವು ಒಂದರ ಹಿಂದೆ ಒಂದು ಬರುತ್ತವೆ; ಹಿಂದೆ ಬಂದದ್ದಕ್ಕೆ ಮುಂದೆ ಹೋದದ್ದು ಬಿಟ್ಟಷ್ಟೇ ಗತಿ.

ನಮ್ಮ ಕಾಲೇಜಿನ ಗಣಿತದ ಅಧ್ಯಾಪಕರಿಗೆ ಇದನ್ನು ಹೇಳಿದೆ. ಅವರಿಗೆ ಬಿಡುವಿನ ಪೀರಿಯಡ್ ಇತ್ತು, ಸೀಮೆಸುಣ್ಣವೂ ಕೈಯಲ್ಲೇ ಇತ್ತು. "ಮೇಷ್ಟ್ರೇ, ಶೇಕಡ ಲೆಕ್ಕದವು ಎಷ್ಟಿದ್ದರೂ ಅವುಗಳೊಳಗೆ ಯಾವುದು ಮುಂದೆ ಯಾವುದು ಹಿಂದೆ ಎಂಬುದು ಮುಖ್ಯವಲ್ಲ. ಎಲ್ಲ ಗುಣಾಕಾರ ತಾನೆ? ಅರವತ್ತು ಸಾವಿರಕ್ಕೆ ಮೊದಲು ಐದು ಕಳೆದು ಆಮೇಲೆ ಹತ್ತು ಕಳೆಯಿರಿ, 51,300. ಮೊದಲು ಹತ್ತು, ಆಮೇಲೆ ಐದು ಕಳೆಯಿರಿ, ಅದೇ 51,300. ಜಗಳ ಬರುವುದು ಇವುಗಳ ನಡುವೆ ಹತ್ತು ಸಾವಿರ ಎಂಬ ಗಟ್ಟಿ ಮೊತ್ತ ಬಂದು ಕೂತಾಗ" ಎಂದರು.

ನಾನು ಕನ್ನಡದ ಅಧ್ಯಾಪಕ. ನನಗೆ ಇದು ವ್ಯಾಕರಣವಾಗಿ ಅರ್ಥವಾಯಿತು. ಕನ್ನಡ ವಾಕ್ಯದಲ್ಲಿ ಪದಗಳನ್ನು ಅತ್ತಿತ್ತ ಮಾಡಬಹುದು. 'ಮಗಳು ಅಂಗಡಿಗೆ ಹೋದಳು' ಎಂದರೂ ಒಂದೇ, 'ಅಂಗಡಿಗೆ ಹೋದಳು ಮಗಳು' ಎಂದರೂ ಒಂದೇ. ಆದರೆ ಪದದೊಳಗೆ ಆ ಸ್ವಾತಂತ್ರ್ಯವಿಲ್ಲ. ಮರ, ಗಳು, ಅನ್ನು ಎಂಬವು ಆ ಕ್ರಮದಲ್ಲಿಯೇ ಕೂಡಿ 'ಮರಗಳನ್ನು' ಆಗಬೇಕು. 'ಅನ್ನು' ಮುಂದೆ ನುಗ್ಗಿದರೆ ಪದವೇ ಇಲ್ಲ. ಶೇಕಡ ಲೆಕ್ಕದ ಎರಡು ಸೋಡಿಗಳು ವಾಕ್ಯದ ಪದಗಳಂತೆ. ಗಟ್ಟಿ ಮೊತ್ತ ಮಾತ್ರ ಪ್ರತ್ಯಯದಂತೆ, ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಅರ್ಥ ಬದಲಾಗುತ್ತದೆ.

ಹತ್ತು ಸಾವಿರ ಕೊನೆಯಲ್ಲಿ ಕೂತರೆ 51,300 ಹೋಗಿ 41,300 ಆಗುತ್ತದೆ. ಮೊದಲಲ್ಲೇ ಕೂತರೆ ಅರವತ್ತು ಐವತ್ತಾಗಿ, ಐವತ್ತರ ಮೇಲೆ ಕೂಪನ್ ಬಿದ್ದು 47,500, ಅದರ ಮೇಲೆ ಕಾರ್ಡಿನದು ಬಿದ್ದು 42,750. ನಡುವೆ ಕೂತರೆ, ಎಂದರೆ ಕೂಪನ್, ಎಕ್ಸ್‌ಚೇಂಜ್, ಕಾರ್ಡು ಎಂಬ ಕ್ರಮದಲ್ಲಿ, 57,000, 47,000, ಕೊನೆಗೆ 42,300. ಅದೇ ಲ್ಯಾಪ್‌ಟಾಪು, ಅವೇ ಮೂರು ರಿಯಾಯಿತಿ; ಕೂರುವ ಜಾಗದಿಂದಲೇ 1,450 ರೂಪಾಯಿ ಹೆಚ್ಚು ಕಡಿಮೆ. ಕೊಳ್ಳುವವನಿಗೆ ಹಿತವಾದದ್ದು ಶೇಕಡದ್ದೆಲ್ಲ ಮೊದಲು, ಗಟ್ಟಿ ಮೊತ್ತ ಕೊನೆಗೆ. ಇಷ್ಟಾದರೂ ನಲವತ್ತೊಂದು ಸಾವಿರ ಯಾವ ಕ್ರಮದಲ್ಲಿಯೂ ಬರಲಿಲ್ಲ. ಅತ್ಯುತ್ತಮ ಕ್ರಮದಲ್ಲಿಯೂ ಮುನ್ನೂರು ರೂಪಾಯಿ ಮೇಲೆಯೇ ನಿಂತಿತು, ಏಕೆಂದರೆ ಕೂಪನ್ನು ಕಳೆದ ಮೂರು ಸಾವಿರದ ಮೇಲೆ ಕಾರ್ಡಿನವರು ಶೇಕಡ ಹತ್ತನ್ನು ಯಾಕೆ ಕೊಟ್ಟಾರು?

ಹಾಗಾದರೆ ಹಿತವಾದ ಕ್ರಮದಲ್ಲಿ ಹಾಕಿಸಿಕೊಂಡರಾಯಿತಲ್ಲ ಎಂದುಕೊಂಡು ಮಗಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ಬಿಲ್ಲು ಮಾಡುವ ಹುಡುಗ ಬಹಳ ವಿನಯದವನು. "ಕೂಪನ್ ಮೊದಲೋ, ಎಕ್ಸ್‌ಚೇಂಜ್ ಮೊದಲೋ, ಕಾರ್ಡು ಮೊದಲೋ?" ಎಂದು ಕೇಳಿದೆ. "ಅದು ಸಿಸ್ಟಮ್ಮೇ ಹಾಕಿಕೊಳ್ಳುತ್ತೆ ಸಾರ್" ಎಂದ. ಸಿಸ್ಟಮ್ಮು ಹಾಕಿಕೊಂಡ ಕ್ರಮ ನಡುವಿನದು: ಕೂಪನ್, ಎಕ್ಸ್‌ಚೇಂಜ್, ಕೊನೆಗೆ ಕಾರ್ಡು.

ಇದರಲ್ಲಿ ಮೋಸವೇನೂ ಇಲ್ಲ. ಯಾರ ಹಣ ಯಾವುದು ಎಂದು ವಿಚಾರಿಸಿದರೆ ಕ್ರಮ ತಾನಾಗಿಯೇ ತಿಳಿಯುತ್ತದೆ. ಕೂಪನ್ನಿನ ಹಣ ಅಂಗಡಿಯವರದು. ಅವರು ತಮ್ಮ ಸರಕಿನ ಬೆಲೆಯಲ್ಲಿಯೇ ಅದನ್ನು ಇಳಿಸುತ್ತಾರೆ, ಆದುದರಿಂದ ಅದು ಮೊದಲು. ಹಳೆಯದರ ಬೆಲೆಯನ್ನು ಕೊಡುವವನು ಸಾಮಾನ್ಯವಾಗಿ ಅದನ್ನು ಮುಂದೆ ಮಾರಿಕೊಳ್ಳುವ ಸೆಕೆಂಡ್‌ಹ್ಯಾಂಡ್ ವ್ಯಾಪಾರಿ. ಬೋನಸ್ಸು ತಯಾರಕರದೋ ಅಂಗಡಿಯವರದೋ ಆಗಿರುತ್ತದೆ. ಅದು ನೀವು ಕೊಡಬೇಕಾದ ಮೊತ್ತವನ್ನು ಇಳಿಸುತ್ತದೆ, ಆದುದರಿಂದ ಎರಡನೆಯದು. ಬ್ಯಾಂಕಿನ ಕಣ್ಣಿಗೆ ಇದೊಂದೂ ಬೀಳುವುದಿಲ್ಲ. ಕಾರ್ಡನ್ನು ಉಜ್ಜಿದಾಗ ಯಂತ್ರ ಯಾವ ಅಂಕಿಯನ್ನು ಕಳಿಸಿತೋ ಅದೇ ಅದಕ್ಕೆ ಇಡೀ ಪ್ರಪಂಚ. ನಲವತ್ತೇಳು ಸಾವಿರ ಉಜ್ಜಿದರೆ ನಲವತ್ತೇಳು ಸಾವಿರಕ್ಕೆ ಹತ್ತು. ಕಾರ್ಡು ಕೊನೆಯಾಗುವುದು ಈ ಕಾರಣದಿಂದ. ಕೆಲವು ಯೋಜನೆಗಳಲ್ಲಿ ಮಾತ್ರ ಹಳೆಯದರ ಹಣವನ್ನು ಬಿಲ್ಲಿನಲ್ಲಿ ಕಳೆಯದೆ, ಪರೀಕ್ಷೆಯಾದ ಮೇಲೆ ನಿಮ್ಮ ಖಾತೆಗೆ ಹಾಕುತ್ತಾರೆ. ಅಲ್ಲಿ ಕಾರ್ಡಿನ ಮೇಲೆ ಪೂರ್ಣ ಮೊತ್ತ ಬೀಳುವುದರಿಂದ ನಮಗೆ ಹಿತವಾದ ಕ್ರಮ ಕೇಳದೆಯೇ ಸಿಕ್ಕಂತಾಯಿತು.

ಇಷ್ಟು ಹೊತ್ತು ನಕ್ಷತ್ರ ಎಲ್ಲಿಗೂ ಹೋಗಿರಲಿಲ್ಲ. ಹುಡುಗ ಒಂದು ಕಾಗದವನ್ನು ಮುಂದಿಟ್ಟ. ಅದರ ಅಡಿಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಎರಡು ಮಾತು: ಕ್ಯಾಶ್‌ಬ್ಯಾಕ್ 4,500 ರೂಪಾಯಿಗೆ ಮೀರದು, ಕಾರ್ಡಿನ ಮೇಲೆ ಕನಿಷ್ಠ 50,000 ರೂಪಾಯಿಯ ಖರೀದಿಯಾಗಿರಬೇಕು.

ಮೊದಲನೆಯ ಮಾತು ನಮ್ಮ ಕ್ರಮಾಕ್ರಮದ ಚರ್ಚೆಯನ್ನೆಲ್ಲ ಒಂದೇ ಏಟಿಗೆ ಮುಗಿಸಿತು. 57,000ಕ್ಕೆ ಹತ್ತೆಂದರೆ 5,700, 47,000ಕ್ಕೆ ಹತ್ತೆಂದರೆ 4,700. ಎರಡೂ ಮಿತಿಯನ್ನು ದಾಟಿದವು, ಎರಡಕ್ಕೂ ಸಿಗುವುದು 4,500. ಎಂದರೆ ಶೇಕಡ 10 ಎಂದು ವೇಷ ಹಾಕಿಕೊಂಡದ್ದು ವಾಸ್ತವವಾಗಿ ಇನ್ನೊಂದು ಗಟ್ಟಿ ಮೊತ್ತ. ಗಟ್ಟಿ ಮೊತ್ತಗಳನ್ನು ಹೇಗೆ ಕಳೆದರೇನು? ಎಕ್ಸ್‌ಚೇಂಜ್ ಕಾರ್ಡಿಗೆ ಮುಂಚೆ ಬಂದರೂ 42,500, ಆಮೇಲೆ ಬಂದರೂ 42,500. ಮಿತಿ ಮುಟ್ಟುತ್ತದೆಯೋ ಇಲ್ಲವೋ ಎಂದು ಮೊದಲು ನೋಡಬೇಕು. ಮುಟ್ಟಿದರೆ ಕಾರ್ಡಿನ ಜಾಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಎರಡನೆಯ ಮಾತು ಅಷ್ಟು ಸಾಧುವಲ್ಲ. ಕೂಪನ್ನೂ ಎಕ್ಸ್‌ಚೇಂಜೂ ಕಳೆದ ಮೇಲೆ ಕಾರ್ಡಿನ ಮೇಲೆ ಬೀಳುವುದು 47,000. ಕನಿಷ್ಠ ಬೇಕಾದದ್ದು 50,000. ಕ್ಯಾಶ್‌ಬ್ಯಾಕ್ ಕಡಿಮೆಯಾಗುವುದಲ್ಲ, ಇಲ್ಲವೇ ಇಲ್ಲ! ಮೂರು ರಿಯಾಯಿತಿಗಳ ಬೆಲೆ 47,000ದಲ್ಲಿ ನಿಂತುಬಿಟ್ಟಿತು. ನಲವತ್ತೊಂದು ಸಾವಿರ ಎಂದು ಹೊರಟವಳು ಮಗಳು. ಚೀಟಿಯ ಹಣಕ್ಕಿಂತ ಎರಡು ಸಾವಿರ ಮೇಲೆ ನಿಂತಿದ್ದೇವೆ. ಅವಳು ಏನೂ ಮಾತಾಡದೆ ಪಕ್ಕದ ಮೇಜಿನ ಮೇಲಿದ್ದ ಅಗ್ಗದ ಲ್ಯಾಪ್‌ಟಾಪಿನ ಕೀಲಿಗಳನ್ನು ಒತ್ತಿ ನೋಡತೊಡಗಿದಳು. ನನಗೆ ಅದು ಚೆನ್ನಾಗಿ ಕಾಣಲಿಲ್ಲ.

"ಕೂಪನ್ ಹಾಕಬೇಡಿ" ಎಂದೆ. ಹುಡುಗ ಬೆಚ್ಚಿಬಿದ್ದ. ಸೋಡಿ ಬೇಡ ಎನ್ನುವ ಗಿರಾಕಿಯನ್ನು ಅವನು ಕಂಡಿರಲಿಲ್ಲವೆಂದು ಕಾಣುತ್ತದೆ. ಆದರೆ ಲೆಕ್ಕ ನೋಡಿ: ಅರವತ್ತರಲ್ಲಿ ಹತ್ತು ಹೋಗಿ ಐವತ್ತು ಸಾವಿರ, ಸರಿಯಾಗಿ ಹೊಸ್ತಿಲ ಮೇಲೆ, ಕ್ಯಾಶ್‌ಬ್ಯಾಕ್ 4,500, ಉಳಿದದ್ದು 45,500. ಮೂರು ಸಾವಿರದ ಸೋಡಿಯನ್ನು ಬೇಡವೆಂದದ್ದರಿಂದ ಒಂದೂವರೆ ಸಾವಿರ ಉಳಿಯಿತು. ಹೊಸ್ತಿಲ ಮೇಲೆ ನಿಂತವರು ಮಾತ್ರ ಎಚ್ಚರವಾಗಿರಬೇಕು. ಯಾರಾದರೂ ಉದಾರಿಗಳು ಇನ್ನೊಂದು ರೂಪಾಯಿ ಬಿಟ್ಟುಕೊಟ್ಟರೂ 4,500 ಹೋದಂತೆಯೆ.

ಹುಡುಗನೂ ಬುದ್ಧಿವಂತ. "ಕೂಪನ್ ಇರಲಿ ಸಾರ್, ಮೂರು ಸಾವಿರದ ಒಂದು ಬ್ಯಾಗು ತಗೊಳ್ಳಿ. ಒಂದೇ ಬಿಲ್ಲಿನಲ್ಲಿ ಹಾಕಿದರೆ ಐವತ್ತಾಗುತ್ತೆ" ಎಂದ. ನಲವತ್ತೇಳೂ ಮೂರೂ ಐವತ್ತು, ಅದರಲ್ಲಿ 4,500 ಹಿಂದಕ್ಕೆ ಬಂದರೆ ಅದೇ 45,500. ಮೇಲೆ ಒಂದು ಬ್ಯಾಗು. ಕೊಸರು ಕೇಳುವ ಅಭ್ಯಾಸ ಹೋಗಿಬಿಟ್ಟಿದೆ ಎಂದು ಕೊರಗುವವರು ಈ ಬ್ಯಾಗನ್ನು ನೋಡಬೇಕು. ಮಗಳ ಹತ್ತಿರ ಬ್ಯಾಗು ಇಲ್ಲದಿದ್ದರೆ ನಾನು ಅಲ್ಲಿಯೇ ಒಪ್ಪಿಬಿಡುತ್ತಿದ್ದೆ. ಅವಳ ಹತ್ತಿರ ಎರಡಿದ್ದವು. "ನಾಳೆ ಬರುತ್ತೇವಪ್ಪ" ಎಂದು ಹೇಳಿ ಹೊರಟೆವು.

ಹೊರಡುವುದಕ್ಕೆ ಇನ್ನೊಂದು ಕಾರಣವಿತ್ತು. ಎಲ್ಲರೂ ಎಕ್ಸ್‌ಚೇಂಜನ್ನು ಸೋಡಿಯೆಂದು ಕರೆಯುತ್ತಾರೆ, ಆದರೆ ಅದು ಸೋಡಿಯಲ್ಲ. ಕೂಪನ್ನಿಗಾಗಿ ನಾನೇನನ್ನೂ ಕೊಡುವುದಿಲ್ಲ. ಹತ್ತು ಸಾವಿರಕ್ಕೆ ಮಾತ್ರ ನನ್ನ ಮನೆಯ ಒಂದು ವಸ್ತುವನ್ನು ಕೊಡುತ್ತೇನೆ. ಅದು ಹಣದ ಬದಲು ವಸ್ತುವಿನಲ್ಲಿ ಮಾಡುವ ಪಾವತಿ. ಕಾನೂನೂ ಇದನ್ನು ಹಾಗೆಯೇ ನೋಡುತ್ತದೆ. 2017ರ ಕೇಂದ್ರ ಜಿ.ಎಸ್.ಟಿ. ನಿಯಮಗಳಲ್ಲಿ 27ನೆಯದಕ್ಕೆ ಒಂದು ಉದಾಹರಣೆ ಕೊಟ್ಟಿದ್ದಾರೆ: ಹಳೆಯ ಫೋನನ್ನು ಪಡೆದು ಹೊಸ ಫೋನನ್ನು 20,000 ರೂಪಾಯಿಗೆ ಕೊಟ್ಟರು, ಹಳೆಯದಿಲ್ಲದಿದ್ದರೆ ಅದರ ಬೆಲೆ 24,000. ಹಾಗಾದರೆ ಹೊಸ ಫೋನಿನ ಬೆಲೆ 24,000 ಎಂದೇ ತೆರಿಗೆಯ ಲೆಕ್ಕ. ಬಿಲ್ಲಿನಲ್ಲಿಯೇ ತೋರಿಸಿದ ಅಂಗಡಿಯ ಸೋಡಿಯಿಂದ ತೆರಿಗೆಯೂ ಇಳಿಯುತ್ತದೆ, ಎಕ್ಸ್‌ಚೇಂಜಿನಿಂದ ಇಳಿಯುವುದಿಲ್ಲ. ತೆರಿಗೆಯವರ ಭಾಷೆ ಒರಟು, ಆದರೆ ಇಲ್ಲಿ ಅವರು ಜಾಹೀರಾತಿನವರಿಗಿಂತ ಸರಿಯಾದ ಕನ್ನಡವನ್ನು ಆಡಿದ್ದಾರೆ ಎಂದು ನನ್ನ ಅಭಿಪ್ರಾಯ.

ಪಾವತಿಯೆಂದಾದ ಮೇಲೆ ಕೇಳಬೇಕಾದದ್ದು ಒಂದೇ: ಆ ಹಳೆಯದು ಹೊರಗೆ ಎಷ್ಟು ಬಾಳುತ್ತದೆ? ಎಕ್ಸ್‌ಚೇಂಜನ್ನು ಬಿಟ್ಟು, ಕೂಪನ್ನನ್ನು ಇಟ್ಟುಕೊಂಡು ಕೊಂಡರೆ ಕಾರ್ಡಿನ ಮೇಲೆ 57,000 ಬೀಳುತ್ತದೆ, ಹೊಸ್ತಿಲು ದಾಟಿತು, ಕ್ಯಾಶ್‌ಬ್ಯಾಕ್ 4,500 ಬಂದು 52,500 ಆಗುತ್ತದೆ. ಎಕ್ಸ್‌ಚೇಂಜಿನ ದಾರಿಯಲ್ಲಿ 45,500. ನಡುವಿನ ಅಂತರ ಏಳು ಸಾವಿರ. ಹೊರಗೆ ಏಳು ಸಾವಿರಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಸಿಕ್ಕಿದರೂ, ಹತ್ತು ಸಾವಿರ ಕೊಡುತ್ತೇನೆನ್ನುವ ಅಂಗಡಿಗಿಂತ ಅದೇ ಲಾಭ. ಹತ್ತಕ್ಕಿಂತ ಏಳು ಹೆಚ್ಚಾಗುವ ಈ ಸೋಜಿಗವನ್ನು ಹೆಂಡತಿಗೆ ವಿವರಿಸಿದೆ. ಅವಳು ಕಾಗದವನ್ನು ಎರಡು ಸಲ ಓದಿ, "ಹತ್ತು ಅಂತ ಹೇಳಿ ಮೂರನ್ನ ಅವರೇ ಇಟ್ಕೋತಾರೆ ಅನ್ನಿ" ಎಂದಳು. ಕೂಪನ್ನಿನ ಮೂರು ಸಾವಿರ. ನನ್ನ ವಿವರಣೆ ಅವಳದಕ್ಕಿಂತ ಉದ್ದವಾಗಿತ್ತು.

ರಾತ್ರಿ ಹಳೆಯ ಲ್ಯಾಪ್‌ಟಾಪಿನಲ್ಲಿದ್ದ ಟಿಪ್ಪಣಿಗಳನ್ನೂ ಮಗಳ ಬಾಲ್ಯದ ಫೋಟೋಗಳನ್ನೂ ಬೇರೆ ಕಡೆ ಇಳಿಸಿಕೊಂಡು, ಖಾತೆಗಳಿಂದ ಹೊರಬಂದು, ಯಂತ್ರವನ್ನು ಪೂರ್ತಿ ಅಳಿಸಿದೆವು. ಮರುದಿನ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಹೋದೆ; ಎಸ್.ಪಿ. ರಸ್ತೆ ಎಂದರೆ ಯಾವ ಆಟೋದವರಿಗೂ ಗೊತ್ತು. ಅಲ್ಲಿಯ ಒಬ್ಬ ವ್ಯಾಪಾರಿ ಯಂತ್ರವನ್ನು ಮುಚ್ಚಿ ತೆರೆದು ಕೀಲನ್ನು ನೋಡಿದ, ಚಾರ್ಜರನ್ನು ಕಿತ್ತು ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಿದ, ಪರದೆಯ ಮೇಲೆ ಬಿಳಿಯ ಚಿತ್ರ ತಂದು ಕಲೆಗಳಿವೆಯೇ ಎಂದು ಓರೆಯಾಗಿ ನೋಡಿದ. ಹೆಣ್ಣು ನೋಡಲು ಬಂದವರೂ ಇಷ್ಟು ನೋಡುವುದಿಲ್ಲ. "ಆರೂವರೆ" ಎಂದ.

ಹಿಂದೆ ಇಂಥ ಕಡೆ ನನಗೆ ಚೌಕಾಸಿ ಬರುತ್ತಿರಲಿಲ್ಲ. ಎಷ್ಟಕ್ಕೆ ಎದ್ದು ಹೋಗಬೇಕೆಂದು ತಿಳಿಯದವನು ಚೌಕಾಸಿ ಮಾಡುವುದಾದರೂ ಹೇಗೆ? ಈಗ ನನ್ನ ಜೇಬಿನಲ್ಲಿ ಏಳು ಎಂಬ ಅಂಕಿ ಇತ್ತು. ಆರೂವರೆಗೆ ಎದ್ದೆ. ಬಾಗಿಲ ತನಕ ಹೋಗುವಷ್ಟರಲ್ಲಿ ಏಳೂಕಾಲಾಯಿತು. ಅಲ್ಲಿಗೆ ಒಪ್ಪಬಹುದಾಗಿತ್ತು, ಆದರೆ ಬಿಲ್ಲೂ ಚಾರ್ಜರೂ ಕಂಪನಿಯವೇ ಇವೆಯೆಂದು ತೋರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಎಂಟು ಸಾವಿರಕ್ಕೆ ವ್ಯವಹಾರ ಮುಗಿಯಿತು. ಅಂಗಡಿಯವರು 6,000 ಎಂದು ಕಟ್ಟಿದ್ದ ವಸ್ತು ಅದು. ಬೋನಸ್ಸಿನ ನಾಲ್ಕು ಸಾವಿರದಲ್ಲಿ ಎರಡು ಸಾವಿರ ಈ ಕಡಿಮೆ ಕಟ್ಟುವುದರಲ್ಲಿಯೇ ಅಡಗಿತ್ತು ಎಂದಾಯಿತು.

ಹೀಗೆ 52,500ರಲ್ಲಿ ಎಂಟು ಹೋಗಿ 44,500. ಚೀಟಿಯ ಹಣದೊಳಗೆ ಬಂತು. ಆದರೆ ಈ ಅಂಕಿ ಮನಸ್ಸಿನದು, ಕೈಯದಲ್ಲ. ಕ್ಯಾಶ್‌ಬ್ಯಾಕ್ ಬಿಲ್ಲಿನಲ್ಲಿ ಅಲ್ಲಿಯೇ ಕಳೆಯುವ ಜಾತಿಯದಾಗಿರಲಿಲ್ಲ. 90 ದಿನಗಳೊಳಗೆ ಕಾರ್ಡಿನ ಖಾತೆಗೆ ಜಮೆಯಾಗತಕ್ಕದ್ದು. ಅಷ್ಟರೊಳಗೆ ಕಾರ್ಡಿನವರು 57,000 ಕೇಳುತ್ತಾರೆ. ಚೀಟಿಯ 45,000, ಹಳೆಯದರ 8,000, ಕೂಡಿದರೆ 53,000. ನಾಲ್ಕು ಸಾವಿರ ಕಡಿಮೆ. ಅದನ್ನು ಬಾಕಿಯುಳಿಸಿ ಕ್ಯಾಶ್‌ಬ್ಯಾಕ್ ಬಂದ ಮೇಲೆ ತೀರಿಸೋಣವೆಂದರೆ ಕ್ರೆಡಿಟ್ ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡ 3ಕ್ಕೂ ಮೇಲೆ, ಬಡ್ಡಿಯ ಮೇಲೆ ಜಿ.ಎಸ್.ಟಿ. ಬೇರೆ, ಅದಲ್ಲದೆ ಬಾಕಿಯಿರುವ ತನಕ ಅದೇ ಕಾರ್ಡಿನಲ್ಲಿ ಕೊಂಡ ದಿನಸಿಗೂ ಬಡ್ಡಿಯಿಲ್ಲದ ದಿನಗಳು ತಪ್ಪಿಹೋಗುತ್ತವೆ. ಆ ನಾಲ್ಕು ಸಾವಿರವನ್ನು ನಾನು ಉತ್ತರಪತ್ರಿಕೆ ತಿದ್ದಿದ ಸಂಭಾವನೆಯಿಂದ ಹಾಕಿದೆ. ಕಾರ್ಡು ಹೆಂಡತಿಯದಾದುದರಿಂದ ಕ್ಯಾಶ್‌ಬ್ಯಾಕ್ ಅವಳ ಖಾತೆಗೆ ಬರುತ್ತದೆ. ಅದರಲ್ಲಿ ನನ್ನ ನಾಲ್ಕು ಸಾವಿರದ ಮಾತು ಇನ್ನೂ ಇತ್ಯರ್ಥವಾಗಿಲ್ಲ.

ಅಂಗಡಿಯ ಹುಡುಗ ನಮ್ಮನ್ನು ನೋಡಿ ಗುರುತು ಹಿಡಿದ. "ಎಕ್ಸ್‌ಚೇಂಜ್ ಬೇಡ, ಕೂಪನ್ ಹಾಕಿ, ಕಂತು ಬೇಡ" ಎಂದೆ. ಕಂತಿನಲ್ಲಿ ಕೊಂಡವರಿಗೆ ಈ ಕ್ಯಾಶ್‌ಬ್ಯಾಕ್ ಇಲ್ಲವೆಂದು ಅದೇ ಸಾಸಿವೆಯಕ್ಷರದಲ್ಲಿ ಮೂರನೆಯ ಮಾತೊಂದಿತ್ತು. ಅವನು ಬಿಲ್ಲು ಮಾಡುವುದನ್ನು ನಿಲ್ಲಿಸಿ, "ಸಾರ್, ನೀವು ಎಲ್ಲಿ ಕೆಲಸ ಮಾಡೋದು? ಬ್ಯಾಂಕಲ್ಲಾ?" ಎಂದು ಕೇಳಿದ. ಕನ್ನಡ ಪಾಠ ಹೇಳುತ್ತೇನೆ ಎಂದಾಗ ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಮೊನ್ನೆ ಗಣಿತದ ಅಧ್ಯಾಪಕರು ತಮ್ಮ ಮಗನಿಗೆ ಅದೇ ಲ್ಯಾಪ್‌ಟಾಪು ಕೊಳ್ಳಬೇಕೆಂದು ನನ್ನ ಕಾಗದವನ್ನು ಕೇಳಿ ಪಡೆದುಕೊಂಡು ಹೋದರು. ಸಾಯಂಕಾಲ ತಿರುಗಿ ಬಂದರು. ಈಗಿನ ಕೂಪನ್ನು ಶೇಕಡ 5ರದಲ್ಲವಂತೆ, 2,500 ರೂಪಾಯಿಯ ಗಟ್ಟಿ ಮೊತ್ತವಂತೆ; ಅವರ ಕಾರ್ಡಿನ ಕನಿಷ್ಠ ಮೊತ್ತ 40,000, ಮಿತಿ 3,000; ಅವರ ಹಳೆಯ ಯಂತ್ರದ ಕೀಲು ಮುರಿದಿದೆ. ಶೇಕಡ ಲೆಕ್ಕ ಮಿತಿಯನ್ನು ಮುಟ್ಟಿಬಿಟ್ಟಿತು, ಹೊಸ್ತಿಲು ದೂರದಲ್ಲಿದೆ, ಕೀಲು ಮುರಿದದ್ದಕ್ಕೆ ಎಸ್.ಪಿ. ರಸ್ತೆಯಲ್ಲಿ ಎರಡು ಸಾವಿರವೂ ಸಿಗುವುದು ಕಷ್ಟ. ಆನ್ ಆಗಿ ಪರದೆ ಸರಿಯಿದ್ದರೆ ಅಂಗಡಿಯವರು ಬೋನಸ್ಸನ್ನು ಕೊಡುತ್ತಾರೆಯೇ ಎಂದು ಮೊದಲು ಕೇಳಿಕೊಂಡು ಬನ್ನಿ, ಕೊಟ್ಟರೆ ನಿಮಗೆ ಎಕ್ಸ್‌ಚೇಂಜೇ ಸರಿ, ಯಾವ ಕ್ರಮದಲ್ಲಾದರೂ ಹಾಕಲಿ ಎಂದು ಹೇಳಿ ಕಳಿಸಿದ್ದೇನೆ.